ಅಮೆರಿಕದವರ ಮೈಗ್ರೇನ್‌ಗೆ ಫಾರ್ಮ್ ಇದೆ, ಬೆಂಗಳೂರಿನವರ ಮೈಗ್ರೇನ್‌ಗೆ ಅನುಮಾನ ಮಾತ್ರ

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ರಾತ್ರಿ ಪಾಳಿಯಲ್ಲಿ ನಡೆಯುವ ಒಂದು ಕೆಲಸದ ಬಗ್ಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿರೋದಿಲ್ಲ. ಅಮೆರಿಕದ ಕಂಪನಿಗಳ ನೌಕರರು ಅಲ್ಲಿ ಹಾಕುವ ರಜೆ ಅರ್ಜಿಗಳನ್ನು ಇಲ್ಲಿ ಕೂತು ಪರಿಶೀಲಿಸುವ ಕೆಲಸ ಅದು. ನಾನು ನಾಲ್ಕು ವರ್ಷ ಇದನ್ನೇ ಮಾಡಿದ್ದೇನೆ. ಓಹಿಯೋದಲ್ಲಿರುವ ಒಬ್ಬ ನೌಕರನಿಗೆ ತಿಂಗಳಿಗೆ ಎರಡು ಮೂರು ಸಲ ಮೈಗ್ರೇನ್ ಬರುತ್ತೆ, ಬಂದರೆ ಒಂದೆರಡು ದಿನ ಏಳೋಕಾಗಲ್ಲ ಅಂತ ಅವನ ಡಾಕ್ಟರ್ ಒಂದು ಫಾರ್ಮಿನಲ್ಲಿ ಬರೆದು ಕಳಿಸುತ್ತಾರೆ. ನಾವು ಅದನ್ನು ನೋಡಿ ದಾಖಲು ಮಾಡಿಕೊಳ್ಳುತ್ತೇವೆ. ಅಲ್ಲಿಂದ ಮುಂದೆ ಅವನು ಪ್ರತಿ ಸಲ ಸರ್ಟಿಫಿಕೇಟ್ ತರಬೇಕಾಗಿಲ್ಲ. "ಇವತ್ತು ಬಂದಿದೆ, ಆ ಮಂಜೂರಾದ ರಜೆಯಲ್ಲಿ ಹಾಕಿ" ಅಂತ ಒಂದು ಫೋನ್ ಮಾಡಿದರೆ ಮುಗೀತು.

ಅದೇ ಸಾಲಿನಲ್ಲಿ ಕೂತು ಅದೇ ಅರ್ಜಿಗಳನ್ನು ನೋಡುತ್ತಿದ್ದ ನನ್ನ ಗೆಳತಿಗೂ ಮೈಗ್ರೇನ್ ಇತ್ತು. ಅವಳು ಮಧ್ಯಾಹ್ನ ಮೂರಕ್ಕೆ ಮೆಸೇಜ್ ಹಾಕಿ ಸಂಜೆ ಪಾಳಿಗೆ ಬರದೇ ಹೋದರೆ ಸಾಫ್ಟ್‌ವೇರ್‌ನಲ್ಲಿ ತಾನಾಗಿಯೇ 'ಅನ್‌ಪ್ಲ್ಯಾನ್ಡ್ ಲೀವ್' ಅಂತ ಬೀಳುತ್ತಿತ್ತು. ಮುಂಚಿತವಾಗಿ ಹೇಳದ ರಜೆ. ತಿಂಗಳ ಕೊನೆಗೆ ಟೀಮಿನ ಸ್ಕೋರ್ ಲೆಕ್ಕ ಹಾಕುವಾಗ, ವರ್ಷದ ಕೊನೆಗೆ ರೇಟಿಂಗ್ ಕೊಡುವಾಗ ಆ ಸಾಲು ಎದ್ದು ಬರುತ್ತಿತ್ತು. ನಾವು ಸಿಟ್ಟಾಗಬೇಕಾದ ವಿಷಯ ರಜೆಯ ದಿನಗಳು ಕಡಿಮೆ ಅನ್ನೋದಷ್ಟೇ ಅಲ್ಲ ಅಂತ ನನಗೆ ಅನ್ನಿಸಿದ್ದು ಆಗಲೇ. ನಮ್ಮ ಕಾನೂನು, ನಮ್ಮ ಕಂಪನಿಗಳ ನಿಯಮ, ಎರಡೂ ಕಾಯಿಲೆಯನ್ನು ಒಂದೇ ಥರ ಕಲ್ಪಿಸಿಕೊಂಡಿವೆ: ಒಂದು ದಿನ ಶುರುವಾಗುತ್ತೆ, ಹಾಸಿಗೆ ಹಿಡೀತೀರಿ, ಡಾಕ್ಟರ್ ಹತ್ರ ಹೋಗ್ತೀರಿ, ವಾಸಿಯಾಗಿ ವಾಪಸ್ ಬರ್ತೀರಿ. ವಾಸಿಯೂ ಆಗದೆ, ಹಾಸಿಗೆಯನ್ನೂ ಪೂರ್ತಿ ಹಿಡಿಸದೆ, ಬಂದು ಹೋಗಿ ಬಂದು ಹೋಗಿ ಮಾಡುವ ಕಾಯಿಲೆಗೆ ಅವುಗಳಲ್ಲಿ ಜಾಗವೇ ಇಲ್ಲ.

ಮೈಗ್ರೇನ್ ಅಂದರೆ ಜೋರಾದ ತಲೆನೋವು, ಒಂದು ಮಾತ್ರೆ ನುಂಗಿದರೆ ಆಯ್ತು ಅಂದುಕೊಂಡವರು ಇನ್ನೂ ಇದ್ದಾರೆ. ಇದು ನರಮಂಡಲದ ಕಾಯಿಲೆ. ಚಿಕಿತ್ಸೆ ಸಿಗದಿದ್ದರೆ ಒಂದು ದಾಳಿ 4 ಗಂಟೆಯಿಂದ 72 ಗಂಟೆವರೆಗೆ ಇರಬಹುದು ಅಂತ ವೈದ್ಯಕೀಯ ವ್ಯಾಖ್ಯಾನವೇ ಹೇಳುತ್ತೆ. ಬೆಳಕು, ಸದ್ದು ತಡೆಯೋಕಾಗಲ್ಲ, ವಾಂತಿ ಬರುತ್ತೆ. ಕೆಲವರಿಗೆ ನೋವಿಗೆ ಮೊದಲು ಕಣ್ಣೆದುರು ಹಾವಿನ ಹಾಗೆ ಅಂಕುಡೊಂಕು ಬೆಳಕು ಹರಿದು ಅರ್ಧ ಪರದೆ ಕಾಣೋದೇ ಇಲ್ಲ. ನೋವು ಇಳಿದ ಮೇಲೂ ಮಾರನೇ ದಿನ ತಲೆ ಮಂಜು ಕವಿದ ಹಾಗಿರುತ್ತೆ, ಮಾಡಿದ ಲೆಕ್ಕವನ್ನೇ ಎರಡು ಸಲ ಮಾಡಬೇಕಾಗುತ್ತೆ. ಇದನ್ನೆಲ್ಲ ತೋರಿಸುವ ಸ್ಕ್ಯಾನ್ ಆಗಲಿ ರಕ್ತಪರೀಕ್ಷೆ ಆಗಲಿ ಇಲ್ಲ. ಸ್ಕ್ಯಾನ್ ಮಾಡಿಸುವುದು ಬೇರೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ. ಮೈಗ್ರೇನ್ ಇದೆ ಅಂತ ಡಾಕ್ಟರ್ ತೀರ್ಮಾನಿಸುವುದು ನೀವು ಹೇಳಿದ್ದನ್ನು ಕೇಳಿ. ಆಫೀಸಿನಲ್ಲಿ ಅನುಮಾನ ಹುಟ್ಟುವುದೂ ಇಲ್ಲೇ. ಮಂಗಳವಾರ ಗೈರು, ಬುಧವಾರ ಕ್ಯಾಂಟೀನಿನಲ್ಲಿ ನಗ್ತಾ ಕಾಫಿ ಕುಡೀತಿದ್ದಾಳೆ. ಹಾಗಾದ್ರೆ ನಿನ್ನೆ ಏನಾಗಿತ್ತು?

ಇದು ಎಲ್ಲೋ ಒಬ್ಬಿಬ್ಬರ ಕಥೆಯೂ ಅಲ್ಲ. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವಯಸ್ಸಿನ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ್ದರು. ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರು ಹತ್ತಿರಹತ್ತಿರ ಶೇ. 25. ಎಲ್ಲರಿಗೂ ಅದು ಕೆಲಸ ಬಿಡಿಸುವಷ್ಟು ಇರಲ್ಲ, ನಿಜ. ಆದರೆ ನಾಲ್ಕರಲ್ಲಿ ಒಬ್ಬರಿಗೆ ಇರುವ ಕಾಯಿಲೆಯನ್ನು ನಮ್ಮ ರಜೆ ನಿಯಮಗಳು ಒಮ್ಮೆಯೂ ನೆನೆಸಿಕೊಂಡಿಲ್ಲ ಅಂದರೆ ಏನರ್ಥ?

ಗೆಳತಿಯ ಒಪ್ಪಿಗೆ ಪಡೆದೇ ಅವಳ ಲೆಕ್ಕವನ್ನು ಇಲ್ಲಿ ಇಡುತ್ತಿದ್ದೇನೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೂರು ತಿಂಗಳು ಅವಳು ಒಂದು ಸಣ್ಣ ಡೈರಿ ಇಟ್ಟಳು. ಬಂದ ದಿನ, ಶುರುವಾದ ಹೊತ್ತು, ಮಾತ್ರೆ ತಗೊಂಡ ಹೊತ್ತು, ಮತ್ತೆ ಕೆಲಸ ಮಾಡೋ ಹಾಗಾದ ಹೊತ್ತು. ಅಷ್ಟೇ. ಒಟ್ಟು 8 ದಾಳಿ. ಅದರಲ್ಲಿ 2 ಶನಿವಾರ ಭಾನುವಾರ ಬಿದ್ದವು, ಆಫೀಸಿಗೆ ಗೊತ್ತೇ ಆಗಲಿಲ್ಲ. ಉಳಿದ 6ರಲ್ಲಿ ನಾಲ್ಕು ಸಲ ತಲಾ ಒಂದು ದಿನ ಹೋಯ್ತು, ಒಂದು ಸಲ ಎರಡು ದಿನ, ಇನ್ನೊಂದು ಸಲ ಅರ್ಧ ದಿನ. ಒಟ್ಟು ಆರೂವರೆ ದಿನ. ಇದೇ ಗತಿಯಲ್ಲಿ ಹೋದರೆ ವರ್ಷಕ್ಕೆ 26 ದಿನ.

ಈಗ ಕಾನೂನು ಏನು ಕೊಡುತ್ತೆ ನೋಡಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಸೆಕ್ಷನ್ 15ರ ಪ್ರಕಾರ ಕಾಯಿಲೆ, ಅಪಘಾತ ಅಥವಾ ಬೇರೆ ಸೂಕ್ತ ಕಾರಣಕ್ಕೆ ವರ್ಷಕ್ಕೆ 12 ದಿನ ಸಂಬಳದ ರಜೆ. ಅದು ಬಿಟ್ಟು, ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ. ವರ್ಷಕ್ಕೆ 240 ದಿನ ದುಡಿದರೆ 12 ದಿನ. ಎರಡೂ ಸೇರಿ 24. ನನ್ನ ಗೆಳತಿಗೆ ಬೇಕಾದ್ದು 26. ಅಂದರೆ ಅವಳು ಊರಿನ ಜಾತ್ರೆಗೆ ಹೋಗದೆ, ತಮ್ಮನ ಮದುವೆಗೆ ಹೋಗದೆ, ಜ್ವರ ಬಂದರೂ ಮಲಗದೆ, ಇರುವ ಎಲ್ಲಾ ರಜೆಯನ್ನೂ ಕತ್ತಲೆ ಕೋಣೆಯಲ್ಲಿ ಕಳೆದರೂ ಇನ್ನೂ ಎರಡು ದಿನ ಸಾಲ. ಕೆಲವು ಕಂಪನಿಗಳು ಕಾನೂನಿನ ಕನಿಷ್ಠಕ್ಕಿಂತ ಹೆಚ್ಚೇ ಕೊಡುತ್ತವೆ, ಒಪ್ಪೋಣ. ಅಲ್ಲೂ ದಿನ ಇದ್ದರೆ ಸಾಲದು, ಮುಂಚೆ ಹೇಳದೆ ತಗೊಂಡರೆ ಅದು ತಪ್ಪಿನ ಖಾತೆಗೆ ಹೋಗುತ್ತೆ.

ಆ ಖಾತೆಯ ಲೆಕ್ಕ ಹೇಗಿರುತ್ತೆ ಅನ್ನೋದಕ್ಕೆ ಒಂದು ಸೂತ್ರ ಹೇಳ್ತೀನಿ. ಬ್ರಾಡ್‌ಫರ್ಡ್ ಫ್ಯಾಕ್ಟರ್ ಅಂತ ಅದರ ಹೆಸರು. ಬ್ರಿಟನ್‌ನ ಎಚ್‌ಆರ್ ವಲಯದಲ್ಲಿ ಹೆಚ್ಚು ಬಳಕೆಯಲ್ಲಿದೆ. ವರ್ಷದಲ್ಲಿ ಎಷ್ಟು ಸಲ ಗೈರಾದಿರಿ ಅನ್ನೋ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಒಟ್ಟು ಗೈರಾದ ದಿನಗಳಿಂದ ಗುಣಿಸಬೇಕು. ಕಾಲು ಮುರಿದು ಒಂದೇ ಸಲಕ್ಕೆ 26 ದಿನ ಮಲಗಿದವನ ಅಂಕ ಒಂದು ಇಂಟು ಒಂದು ಇಂಟು 26, ಅಂದರೆ 26. ನನ್ನ ಗೆಳತಿ ಅದೇ 26 ದಿನವನ್ನು 24 ಸಲ ತಗೊಂಡಿರುತ್ತಾಳೆ. 24 ಇಂಟು 24 ಇಂಟು 26. ಉತ್ತರ 14,976. ಕಂಪನಿ ಕಳಕೊಂಡ ದಿನ ಇಬ್ಬರದೂ ಒಂದೇ, ಅಂಕ ಮಾತ್ರ 576 ಪಟ್ಟು. ನಮ್ಮಲ್ಲಿ ಎಲ್ಲರೂ ಇದೇ ಸೂತ್ರ ಹಾಕ್ತಾರೆ ಅಂತ ನಾನು ಹೇಳ್ತಿಲ್ಲ. ಆದರೆ 'ಅನ್‌ಪ್ಲ್ಯಾನ್ಡ್' ರಜೆಯನ್ನು ದಿನದ ಬದಲು ಸಲದ ಮೇಲೆ ಎಣಿಸುವ ಯಾವ ಪದ್ಧತಿಯಲ್ಲೂ ಇದೇ ತರ್ಕ ಇರುತ್ತೆ.

ಇದರ ಪರಿಣಾಮ ರೇಟಿಂಗ್‌ನಲ್ಲಿ ಮಾತ್ರ ಕಾಣಿಸಿಕೊಳ್ಳೋದಿಲ್ಲ, ದೇಹದಲ್ಲೂ ಕಾಣಿಸಿಕೊಳ್ಳುತ್ತೆ. ರಜೆ ಹಾಕೋ ಹಾಗಿಲ್ಲ ಅಂದಾಗ ಜನ ಏನು ಮಾಡ್ತಾರೆ? ಮಾತ್ರೆ ನುಂಗಿ ಹೋಗ್ತಾರೆ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮೀರಿ ತಗೊಳ್ಳುತ್ತಾ ಹೋದರೆ ಆ ಮಾತ್ರೆಯೇ ಹೊಸ ತಲೆನೋವಿಗೆ ಕಾರಣವಾಗುತ್ತೆ. ಅದಕ್ಕೆ ವೈದ್ಯರಲ್ಲಿ ಪ್ರತ್ಯೇಕ ಹೆಸರೇ ಇದೆ. ತಿಂಗಳಿಗೆ ಮೂರು ಸಲ ಬರುತ್ತಿದ್ದದ್ದು ಹೀಗೆ ವಾರಕ್ಕೆ ನಾಲ್ಕು ದಿನದ ನೋವಾಗಿ ಕೂತವರನ್ನು ನಾನು ನೋಡಿದ್ದೇನೆ. ಹಾಜರಾತಿ ಉಳಿಸಿಕೊಳ್ಳೋಕೆ ತಿಂದ ಮಾತ್ರೆ ಕೊನೆಗೆ ಹಾಜರಾತಿಯನ್ನೇ ತಿಂತು.

ಸರಿ, ಆ ಅಮೆರಿಕದ ಫಾರ್ಮಿನಲ್ಲಿ ಅಂಥದ್ದೇನಿದೆ?

ಅಲ್ಲಿನ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ, ಆಫೀಸಿನ ಭಾಷೆಯಲ್ಲಿ ಎಫ್‌ಎಂಎಲ್‌ಎ, ವರ್ಷಕ್ಕೆ 12 ವಾರದ ರಜೆ ಕೊಡುತ್ತೆ. ಅದನ್ನು ಒಟ್ಟಿಗೇ ತಗೋಬೇಕು ಅಂತಿಲ್ಲ. ವೈದ್ಯಕೀಯ ಅಗತ್ಯ ಇದ್ದರೆ ಬಿಡಿಬಿಡಿಯಾಗಿ, ಗಂಟೆಗಳ ಲೆಕ್ಕದಲ್ಲೂ ತಗೋಬಹುದು. ಡಾಕ್ಟರಿಗೆ ಫಾರ್ಮ್ ಕೇಳುವ ಮುಖ್ಯ ಪ್ರಶ್ನೆ ಎರಡು. ದಾಳಿ ಅಂದಾಜು ಎಷ್ಟು ದಿನಕ್ಕೊಮ್ಮೆ ಬರುತ್ತೆ? ಬಂದರೆ ಅಂದಾಜು ಎಷ್ಟು ಹೊತ್ತು ಇರುತ್ತೆ? ಯಾವ ದಿನ ಬರುತ್ತೆ ಅಂತ ಅದು ಕೇಳೋದಿಲ್ಲ, ಯಾಕಂದ್ರೆ ಅದು ಯಾರಿಗೂ ಗೊತ್ತಿರೋದಿಲ್ಲ. ಯಾವ ದಿನ ಅಂತ ಹೇಳೋಕಾಗದಿದ್ದರೂ ತಿಂಗಳಿಗೆ ಎಷ್ಟು ಅಂತ ಹೇಳೋಕಾಗುತ್ತೆ. ಮಳೆಗಾಲದಲ್ಲಿ ಯಾವ ದಿನ ಮಳೆ ಅಂತ ಗೊತ್ತಿಲ್ಲದಿದ್ದರೂ ರೈತ ಬಿತ್ತನೆಗೆ ತಯಾರಾಗೋದಿಲ್ವಾ, ಹಾಗೆ.

ನಿಯಮಾವಳಿಯಲ್ಲಿ ಮೈಗ್ರೇನ್‌ನ ಹೆಸರೇ ಬರುತ್ತೆ. ನೆಗಡಿ, ಹೊಟ್ಟೆನೋವು, ತಲೆನೋವು ಇಂಥವು ಸಾಮಾನ್ಯವಾಗಿ ಗಂಭೀರ ಕಾಯಿಲೆ ಅಲ್ಲ ಅನ್ನುವ ಪಟ್ಟಿಯಲ್ಲಿ ತಲೆನೋವಿನ ಪಕ್ಕ 'ಮೈಗ್ರೇನ್ ಹೊರತುಪಡಿಸಿ' ಅಂತ ಬರೆದಿದ್ದಾರೆ. ದೀರ್ಘಕಾಲದ ಕಾಯಿಲೆ ಇದ್ದವರು ಆ ದಿನ ಡಾಕ್ಟರ್ ಹತ್ರ ಹೋಗದೆ ಮನೆಯಲ್ಲೇ ಮಲಗಿದ್ದರೂ ರಜೆ ಮಾನ್ಯ ಅಂತಲೂ ಇದೆ. ನನಗೆ ಇದು ತುಂಬಾ ಮುಖ್ಯ ಅನ್ನಿಸೋದು ಯಾಕಂದ್ರೆ ನಮ್ಮ ಎಚ್‌ಆರ್‌ಗಳು ಕೇಳೋದು ಇದನ್ನೇ: ಅವತ್ತಿನ ತಾರೀಕಿನ ಚೀಟಿ ತನ್ನಿ. ಬೆಳಕು ನೋಡಿದರೆ ವಾಂತಿ ಬರುವವರು ಬೆಳ್ಳಂದೂರಿನ ಟ್ರಾಫಿಕ್ ದಾಟಿ, ಟ್ಯೂಬ್‌ಲೈಟ್ ಕೆಳಗೆ ಒಂದು ಗಂಟೆ ಕಾದು, ಐನೂರು ರೂಪಾಯಿ ಕೊಟ್ಟು, ತಮಗೆ ಮೊದಲೇ ಗೊತ್ತಿರುವ ಕಾಯಿಲೆಯ ಹೆಸರನ್ನು ಬರೆಸಿಕೊಂಡು ಬರಬೇಕು.

ದುರುಪಯೋಗ ಆಗಲ್ವಾ ಅಂತ ಕೇಳಬಹುದು. ಫಾರ್ಮ್ ಅದಕ್ಕೂ ದಾರಿ ಇಟ್ಟಿದೆ. ಒಂದೆರಡು ದಿನ ಬೇಕು ಅಂತ ಬರೆಸಿದವರು ಹಿಂದಿನ ಎರಡು ಮೈಗ್ರೇನ್‌ಗೂ ನಾಲ್ಕು ನಾಲ್ಕು ದಿನ ತಗೊಂಡರೆ ಕಂಪನಿ ಹೊಸದಾಗಿ ಡಾಕ್ಟರ್ ಪತ್ರ ಕೇಳಬಹುದು. ಇದು ನಾನು ಕಟ್ಟಿದ ಉದಾಹರಣೆ ಅಲ್ಲ, ನಿಯಮದಲ್ಲೇ ಇರುವ ಉದಾಹರಣೆ. ಯಾವಾಗಲೂ ಸೋಮವಾರ ಶುಕ್ರವಾರವೇ ಬರುತ್ತಿದ್ದರೆ ಆ ತಾರೀಕುಗಳನ್ನು ಡಾಕ್ಟರಿಗೆ ಕಳಿಸಿ, ಇದು ಈ ಕಾಯಿಲೆಗೆ ಹೊಂದುತ್ತದಾ ಅಂತ ಕೇಳಬಹುದು. ಕೆಲವರಿಗೆ ವಾರಾಂತ್ಯದ ನಿದ್ದೆ ಏರುಪೇರಾಗಿ ಸೋಮವಾರ ನಿಜಕ್ಕೂ ಬರುತ್ತೆ, ಅದನ್ನು ಡಾಕ್ಟರ್ ಹೇಳಲಿ. ಅನುಮಾನ ಇದ್ದರೆ ಕೇಳುವ ಜಾಗ ಕಾಗದದ ಮೇಲಿದೆ, ಟೀಮ್ ಮೀಟಿಂಗ್‌ನಲ್ಲಿ ಎಲ್ಲರೆದುರು ಅಲ್ಲ.

ಹಾಗಂತ ಅಮೆರಿಕವನ್ನು ತಲೆ ಮೇಲೆ ಹೊತ್ತು ಮೆರೆಸೋದು ಬೇಡ. ಈ ರಜೆಗೆ ಸಂಬಳವಿಲ್ಲ. 50ಕ್ಕಿಂತ ಕಡಿಮೆ ಜನರಿರುವ ಖಾಸಗಿ ಕಂಪನಿಗೆ ಕಾಯ್ದೆ ಅನ್ವಯಿಸೋದಿಲ್ಲ. ಒಂದು ವರ್ಷ ಕೆಲಸ ಮಾಡಿರಬೇಕು, ಹಿಂದಿನ 12 ತಿಂಗಳಲ್ಲಿ 1,250 ಗಂಟೆ ದುಡಿದಿರಬೇಕು. ಬಡವರು ಹಕ್ಕಿದ್ದೂ ಬಳಸೋಕಾಗದ ರಜೆ ಇದು. ಕನಿಷ್ಠ ಸಂಬಳದ ಸಿಕ್ ಲೀವ್ ಎಲ್ಲರಿಗೂ ಕೊಡುವ ಕೇಂದ್ರ ಕಾನೂನು ಆ ದೇಶದಲ್ಲಿಲ್ಲ, ನಮ್ಮ 12 ದಿನ ಆ ಲೆಕ್ಕದಲ್ಲಿ ಮೇಲು. ನಾವು ಎರವಲು ಪಡೆಯಬೇಕಾದ್ದು ಆ ಎರಡು ಪ್ರಶ್ನೆಗಳನ್ನು ಮಾತ್ರ.

ನಾವು ಪಡೆದದ್ದೂ ಅದನ್ನೇ. ಗೆಳತಿ ಬರೆದ ಪತ್ರ ಒಂದು ಪುಟ ದಾಟಲಿಲ್ಲ. ಮೊದಲ ಕರಡಿನಲ್ಲಿ ಅವಳು ಹದಿನಾರನೇ ವಯಸ್ಸಿನಿಂದ ಶುರು ಮಾಡಿದ್ದಳು, ಎಲ್ಲವನ್ನೂ ತೆಗೆಸಿದೆವು. ನೋವಿನ ಚರಿತ್ರೆ ಓದಿ ಮ್ಯಾನೇಜರ್ ಕನಿಕರ ಪಡಬಹುದು, ಆದರೆ ಕನಿಕರದಿಂದ ರೋಸ್ಟರ್ ತುಂಬೋದಿಲ್ಲ. ಅವಳ ಟೀಮ್ ಲೀಡ್ ಕೆಟ್ಟವರೇನಲ್ಲ. ಅವರು ಹೇಳಿದ್ದು ಇಷ್ಟು: "ನೋಡಿ, ನಿಮ್ಮ ತೊಂದರೆ ನಂಗೆ ಅರ್ಥ ಆಗುತ್ತೆ. ಆದ್ರೆ ಮೂರು ಗಂಟೆಗೆ ಮೆಸೇಜ್ ಹಾಕಿದ್ರೆ ಐದೂವರೆ ಶಿಫ್ಟಿಗೆ ನಾನು ಯಾರನ್ನ ಹುಡುಕ್ಲಿ?" ನ್ಯಾಯವಾದ ಪ್ರಶ್ನೆ. ಪತ್ರ ಉತ್ತರಿಸಬೇಕಾದ್ದು ಅದಕ್ಕೆ.

ಹಾಗಾಗಿ ಮೊದಲು ನರರೋಗ ತಜ್ಞರ ಎರಡು ಸಾಲು: ದೀರ್ಘಕಾಲದ ಮೈಗ್ರೇನ್ ಸಮಸ್ಯೆ, ತಿಂಗಳಿಗೆ 2ರಿಂದ 3 ದಾಳಿ ನಿರೀಕ್ಷಿತ, ಪ್ರತಿಯೊಂದೂ ಅರ್ಧ ದಿನದಿಂದ ಎರಡು ದಿನ. ಈ ಪತ್ರ ಆರು ತಿಂಗಳು ಮಾನ್ಯ, ಮಧ್ಯೆ ಪ್ರತಿ ಸಲ ಚೀಟಿ ಕೇಳುವಂತಿಲ್ಲ. ಆಮೇಲೆ ಸುದ್ದಿ ತಿಳಿಸುವ ಕ್ರಮ: ದಾಳಿ ಶುರುವಾದ ಅರ್ಧ ಗಂಟೆಯೊಳಗೆ ಒಂದೇ ನಂಬರಿಗೆ ಒಂದೇ ಪದದ ಮೆಸೇಜ್. ಪರದೆ ನೋಡೋಕಾಗದ ಹೊತ್ತಿನಲ್ಲಿ ಪೋರ್ಟಲ್‌ಗೆ ಲಾಗಿನ್ ಆಗಿ ಕಾರಣ ಟೈಪ್ ಮಾಡು ಅನ್ನೋದು ಹಿಂಸೆ, ಆ ಅರ್ಜಿಯನ್ನು ವಾಪಸ್ ಬಂದ ಮೇಲೆ ಹಾಕಬಹುದು. ಮೂರನೆಯದು ಕೆಲಸ ಯಾರು ನೋಡ್ತಾರೆ ಅನ್ನೋದು. ಅವಳ ಬಾಕಿ ಅರ್ಜಿಗಳ ಪಟ್ಟಿ ದಿನದ ಕೊನೆಗೆ ಹಂಚಿಕೊಂಡ ಫೈಲಿನಲ್ಲಿ ಇರುತ್ತೆ, ಇಬ್ಬರು ಸಹೋದ್ಯೋಗಿಗಳು ಸರದಿ ಮೇಲೆ ಅವತ್ತಿನ ತುರ್ತು ಅರ್ಜಿಗಳನ್ನಷ್ಟೇ ನೋಡ್ತಾರೆ, ಬದಲಿಗೆ ಅವಳು ಅವರ ತಿಂಗಳ ಕೊನೆಯ ವರದಿ ಮಾಡಿಕೊಡ್ತಾಳೆ. ಇದನ್ನು ಬರೆಯದಿದ್ದರೆ ಏನಾಗುತ್ತೆ ಗೊತ್ತಾ? ಹೊರೆ ಸದ್ದಿಲ್ಲದೆ ಪಕ್ಕದವರ ಮೇಲೆ ಬೀಳುತ್ತೆ, ಮೂರನೇ ಸಲಕ್ಕೆ "ಮತ್ತೆ ಇವಳದ್ದಾ?" ಅನ್ನೋ ಮಾತು ಶುರುವಾಗುತ್ತೆ. ಮ್ಯಾನೇಜ್‌ಮೆಂಟ್ ಜನ ಕಡಿಮೆ ಇಟ್ಟುಕೊಂಡ ತಪ್ಪಿಗೆ ಕಾಯಿಲೆ ಇದ್ದವರು ಬೈಸಿಕೊಳ್ತಾರೆ.

ಕೊನೆಯದು ಎಣಿಕೆ. ಈ ಪತ್ರದ ಅಡಿಯಲ್ಲಿ ತಗೊಂಡ ರಜೆ 'ಅನ್‌ಪ್ಲ್ಯಾನ್ಡ್' ಅಂತ ಬೀಳಬಾರದು, ಅದಕ್ಕೆ ಬೇರೆ ಕೋಡ್ ಬೇಕು. ಅರ್ಧ ದಿನದ ರಜೆಗೂ ಅವಕಾಶ ಬೇಕು. 12 ದಿನ ಸಿಕ್ ಲೀವ್ ಮುಗಿದರೆ ಸಂಬಳ ಕಡಿತ ಆದರೂ ಸರಿ, ರೇಟಿಂಗ್‌ಗೆ ತಾಗಬಾರದು. ಮೂರು ತಿಂಗಳಾದ ಮೇಲೆ ಡೈರಿ ಮತ್ತು ರೋಸ್ಟರ್ ಎರಡನ್ನೂ ಎದುರಿಟ್ಟುಕೊಂಡು ಮಾತಾಡೋಣ.

ಎಚ್‌ಆರ್‌ನಿಂದ ಬಂದ ಮೊದಲ ಉತ್ತರ ಒಂದೇ ಸಾಲು: ಪಾಲಿಸಿಯಲ್ಲಿ ಇಂಥದ್ದು ಇಲ್ಲ. ಎರಡನೇ ಸಲ ಟೀಮ್ ಲೀಡ್ ಜೊತೆ ಕೂತಾಗ "ಆಯ್ತು, ನಾನು ನೋಡ್ಕೋತೀನಿ" ಅಂದರು. ಇಂಥ ಮಾತಿಗೆ ಖುಷಿಪಟ್ಟು ಸುಮ್ಮನಾಗುವವರೇ ಹೆಚ್ಚು. ಆ ಲೀಡ್ ಬೇರೆ ಪ್ರಾಜೆಕ್ಟಿಗೆ ಹೋದ ದಿನ ಒಪ್ಪಂದವೂ ಅವರ ಜೊತೆ ಹೋಗುತ್ತೆ. ಅವಳು ಅದೇ ಸಂಜೆ "ನಾವು ಮಾತಾಡಿದ್ದು ಇಷ್ಟು" ಅಂತ ಎಲ್ಲವನ್ನೂ ಬರೆದು ಲೀಡ್‌ಗೂ ಎಚ್‌ಆರ್‌ಗೂ ಇಮೇಲ್ ಹಾಕಿದಳು, ಲೀಡ್ 'ಸರಿ' ಅಂತ ಉತ್ತರಿಸಿದರು. ಐದನೇ ತಿಂಗಳಲ್ಲಿ ನಿಜಕ್ಕೂ ಹೊಸ ಲೀಡ್ ಬಂದರು, ಆ ಇಮೇಲೇ ಕೆಲಸಕ್ಕೆ ಬಂತು.

ಮೊದಲ ಮೂರು ತಿಂಗಳ ಲೆಕ್ಕ: ಕೆಲಸದ ದಿನ ಬಿದ್ದ ದಾಳಿ ಮೊದಲಿನಷ್ಟೇ, 6. ಆದರೆ ಹೋದ ದಿನ ಆರೂವರೆಯಿಂದ ನಾಲ್ಕೂವರೆಗೆ ಇಳಿಯಿತು. ಪವಾಡ ಏನಲ್ಲ. ಟ್ರಿಪ್ಟಾನ್ ಥರದ ಮಾತ್ರೆ ನೋವು ಏರುವ ಮೊದಲೇ ತಗೊಂಡರೆ ಚೆನ್ನಾಗಿ ಕೆಲಸ ಮಾಡುತ್ತೆ. ಮೊದಲು ಅವಳು ಹೋಗಲೋ ಬೇಡವೋ ಅಂತ ಎರಡು ಗಂಟೆ ತಡೀತಿದ್ದಳು, ಕ್ಯಾಬ್ ಹತ್ತಿ ಅರ್ಧ ದಾರಿಯಲ್ಲಿ ವಾಂತಿ ಮಾಡಿಕೊಂಡು ವಾಪಸ್ ಬರ್ತಿದ್ದಳು, ಆ ದಿನ ಪೂರ್ತಿ ಹೋಗ್ತಿತ್ತು. ಈಗ ತಕ್ಷಣ ಮಾತ್ರೆ ತಗೊಂಡು ಮಲಗಿ, ಮೂರು ಸಲ ಅರ್ಧ ಪಾಳಿಗೆ ಬಂದಳು. ಒಬ್ಬಳ ಮೂರು ತಿಂಗಳ ಲೆಕ್ಕದಿಂದ ಎಲ್ಲರಿಗೂ ಹೀಗೇ ಆಗುತ್ತೆ ಅನ್ನೋಕೆ ಬರಲ್ಲ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವಿರುವವರಿಗೆ ಈ ಏರ್ಪಾಡು ಸಾಲೋದೂ ಇಲ್ಲ. ಅವರಿಗೆ ಮೊದಲು ಬೇಕಾದ್ದು ದಾಳಿ ತಡೆಯುವ ಚಿಕಿತ್ಸೆ.

ಕೋಡ್ ಮಾತ್ರ ಸಿಗಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಅಂಥ ಆಯ್ಕೆ ಇಲ್ಲವಂತೆ. ಅದೇ ಕಂಪನಿಯ ಅಮೆರಿಕದ ನೌಕರರಿಗೆ ಅಂಥ ಕೋಡ್ ಹಾಕುತ್ತಿದ್ದವಳು ಅವಳೇ!

ಕಂಪನಿ ಇಲ್ಲ ಅಂದುಬಿಟ್ಟಿದ್ದರೆ? ಇಲ್ಲಿ ಕಾನೂನು ಅರ್ಧ ಬಾಗಿಲು ತೆಗೆದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ದೀರ್ಘಕಾಲದ ನರಸಂಬಂಧಿ ಕಾಯಿಲೆಗಳು ಅನ್ನುವ ವಿಭಾಗ ಇದೆ, ಅಲ್ಲಿ ಹೆಸರಿಸಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್‌ಸನ್. ಮೈಗ್ರೇನ್ ಹೆಸರಿಲ್ಲ. ಆದರೆ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಹತ್ವದ ಮಾತು ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ನರಸಮಸ್ಯೆ ಇದ್ದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಬರಹಗಾರರನ್ನು ಕೇಳಿದ್ದರು. ಶೇ. 40ರ ಅಂಗವೈಕಲ್ಯ ಮಿತಿಯನ್ನು ಎಲ್ಲ ಹಕ್ಕುಗಳಿಗೂ ಷರತ್ತಾಗಿ ಹೇರುವಂತಿಲ್ಲ, ದೀರ್ಘಕಾಲದ ದುರ್ಬಲತೆ ಇದ್ದವರಿಗೆ ಸೂಕ್ತ ಅನುಕೂಲ ಮಾಡಿಕೊಡಬೇಕು ಅಂತ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಮೈಗ್ರೇನ್ ಇರುವವರು ಈ ತರ್ಕದ ಮೇಲೆ ವಾದ ಕಟ್ಟಬಹುದು.

ತೊಡಕು ಎಲ್ಲಿ ಅಂದರೆ, ಉದ್ಯೋಗದಲ್ಲಿ ಸೂಕ್ತ ಅನುಕೂಲ ಮಾಡಿಕೊಡಲೇಬೇಕು ಅನ್ನುವ ಸೆಕ್ಷನ್ 20 ನೇರವಾಗಿ ಹೇಳೋದು ಸರ್ಕಾರಿ ಸಂಸ್ಥೆಗಳ ಬಗ್ಗೆ. ಖಾಸಗಿ ಕಂಪನಿಗಳ ಮೇಲೆ ಸೆಕ್ಷನ್ 21ರ ಹೊಣೆ ಇದೆ: ಸಮಾನ ಅವಕಾಶ ನೀತಿಯೊಂದನ್ನು ಪ್ರಕಟಿಸಬೇಕು. ಹಾಗಾಗಿ ಖಾಸಗಿಯಲ್ಲಿ ಇರುವವರು ಮೊದಲು ಮಾಡಬೇಕಾದ್ದು ತಮ್ಮ ಕಂಪನಿಯ ಆ ನೀತಿಯನ್ನು ಹುಡುಕಿ ಓದೋದು. ಅಂತರರಾಷ್ಟ್ರೀಯ ಕಂಪನಿಗಳ ನೀತಿಯಲ್ಲಿ ದೊಡ್ಡ ದೊಡ್ಡ ಮಾತುಗಳಿರುತ್ತವೆ, ಪತ್ರದಲ್ಲಿ ಅವನ್ನೇ ಅವರಿಗೆ ನೆನಪಿಸಬಹುದು.

ಈಗ ರಾಜಕೀಯಕ್ಕೆ ಬರೋಣ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಋತುಚಕ್ರ ರಜೆ ನೀತಿಯನ್ನು ಒಪ್ಪಿತು. ಸರ್ಕಾರಿ ಕಚೇರಿ, ಗಾರ್ಮೆಂಟ್ಸ್, ಐಟಿ ಎಲ್ಲಾ ಕಡೆ ಮಹಿಳೆಯರಿಗೆ ತಿಂಗಳಿಗೆ ಒಂದು ದಿನ ಸಂಬಳದ ರಜೆ. ಹೋಟೆಲ್ ಮಾಲೀಕರ ಸಂಘ ಹೈಕೋರ್ಟ್‌ಗೂ ಹೋಯ್ತು. ಆ ರಜೆಗೆ ಡಾಕ್ಟರ್ ಸರ್ಟಿಫಿಕೇಟ್ ಬೇಡ. ಮರುಕಳಿಸುವ, ಒಂದು ದಿನದ, ಹೊರಗೆ ಕಾಣದ ನೋವಿಗೆ ನೌಕರರ ಮಾತೇ ಸಾಕು ಅಂತ ಈ ರಾಜ್ಯ ಒಪ್ಪಿಕೊಂಡಿದೆ. ಮುಟ್ಟಿನ ಆಸುಪಾಸಿನಲ್ಲೇ ಮೈಗ್ರೇನ್ ಬರುವ ಅನೇಕ ಹೆಣ್ಣುಮಕ್ಕಳಿಗೆ ಈ ಒಂದು ದಿನವೇ ನೇರ ಉಪಯೋಗ. ಆದರೆ ಅದೇ ತತ್ವ ಮೂರ್ಛೆರೋಗ, ಅಸ್ತಮಾ, ಸಂಧಿವಾತ ಇರುವವರಿಗೂ, ಮೈಗ್ರೇನ್ ಇರುವ ಗಂಡಸರಿಗೂ ಯಾಕೆ ಅನ್ವಯಿಸಬಾರದು ಅನ್ನುವ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳಿಲ್ಲ. ಕೇಳೋ ಜಾಗವೂ ಕುಗ್ಗಿದೆ. ರಜೆ ಯಾರು ಕೊಡಬೇಕು, ಹೇಗೆ ಕೇಳಬೇಕು ಅನ್ನೋದನ್ನು ಬರೆದು ಕಾರ್ಮಿಕ ಇಲಾಖೆಯಿಂದ ಪ್ರಮಾಣೀಕರಿಸಬೇಕು ಅನ್ನುತ್ತಿದ್ದ ಆಗಿನ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ವಲಯಕ್ಕೆ ಕರ್ನಾಟಕ 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷ ವಿನಾಯಿತಿ ಕೊಟ್ಟಿತು. ಕೆಐಟಿಯು ಥರದ ಸಂಘಟನೆಗಳು ವಿರೋಧಿಸುತ್ತಾ ಬಂದಿರುವುದು ಇದನ್ನೇ. ನನ್ನ ಗೆಳತಿ ತನ್ನ ಒಪ್ಪಂದವನ್ನು ಒಂದು ಇಮೇಲ್‌ಗೆ ನೇತುಹಾಕಬೇಕಾಗಿ ಬಂದದ್ದೂ ಇದರಿಂದಲೇ.

ಅವಳಿಗೆ ಇಮೇಲ್ ಆದರೂ ಇದೆ. ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್ ಲೈನಿನಲ್ಲಿ ಕೂತು ಹೊಲಿಯುವ ಹೆಣ್ಣುಮಗಳಿಗೂ ಅದೇ ಮೈಗ್ರೇನ್ ಬರುತ್ತೆ. ತಿಂಗಳಿಗೆ 21,000 ರೂಪಾಯಿ ಮಿತಿಯೊಳಗಿನ ಸಂಬಳ, ಹಾಗಾಗಿ ಅವಳ ಕೂಲಿಯಿಂದ ಇಎಸ್‌ಐಗೆ ಪ್ರತಿ ತಿಂಗಳೂ ಹಣ ಕಡಿತವಾಗುತ್ತೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಕೊಡುವ ಯೋಜನೆ ಅದು, ಕಾಗದದ ಮೇಲೆ ನನ್ನ ಗೆಳತಿಯ 12 ದಿನಕ್ಕಿಂತ ಎಷ್ಟೋ ಉದಾರ. ಆದರೆ 1948ರ ಇಎಸ್‌ಐ ಕಾಯ್ದೆಯ ಸೆಕ್ಷನ್ 49ರಲ್ಲಿ ಒಂದು ಸಾಲಿತ್ತು. ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣ ಇಲ್ಲ. ಹಿಂದೆ ಹಣ ಕೊಟ್ಟ ಕಾಯಿಲೆ ಮುಗಿದು 15 ದಿನದೊಳಗೆ ಮತ್ತೆ ಬಿದ್ದರೆ ಮಾತ್ರ ಈ ಎರಡು ದಿನದ ತಡೆ ಇಲ್ಲ. ಮೈಗ್ರೇನ್ ಬರೋದು ಹೆಚ್ಚಾಗಿ ಒಂದು ದಿನ ಅಥವಾ ಎರಡು ದಿನ. ಮೊದಲ ಸಲ ಹಣ ಸಿಗದಿದ್ದರೆ ಎರಡನೇ ಸಲದ ವಿನಾಯಿತಿಯೂ ಸಿಗೋದಿಲ್ಲ. ವರ್ಷಕ್ಕೆ 24 ಸಲ ಬಿದ್ದರೂ, 26 ದಿನ ಹೋದರೂ, ಲೆಕ್ಕದಲ್ಲಿ ಅವಳು ಒಂದು ದಿನವೂ ಕಾಯಿಲೆ ಬಿದ್ದಿಲ್ಲ. ಯಾವ ಪತ್ರ ಬರೆದರೂ, ಯಾವ ಒಳ್ಳೆಯ ಸೂಪರ್‌ವೈಸರ್ ಸಿಕ್ಕಿದರೂ ಇದು ಬದಲಾಗಲ್ಲ. ದೀರ್ಘಕಾಲದ ಕಾಯಿಲೆ ಅಂತ ಒಮ್ಮೆ ಇಎಸ್‌ಐ ವೈದ್ಯರೇ ದಾಖಲಿಸಿದವರಿಗೆ ಆ ಎರಡು ದಿನದ ತಡೆಯನ್ನು ತೆಗೆದುಹಾಕಬೇಕು. ಅದು ದೆಹಲಿಯಲ್ಲಿ ಆಗಬೇಕಾದ ತಿದ್ದುಪಡಿ, ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ಸಂಘಟನೆಗಳು ಮುಂದಿಡುವ ಬೇಡಿಕೆ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಬೇಕು.